ಮೈನಸ್ 1.44 ಕೋಟಿಯ ಯೋಜನೆ: ಕೈಬಿಡುವ ಹಕ್ಕಿಗೂ ವಿಸ್ತರಿಸುವ ಹಕ್ಕಿಗೂ ಬೆಲೆ ಕಟ್ಟಿದ ಬಗೆ

ಎಲೆಕ್ಟ್ರಾನಿಕ್ ಸರಕುಗಳ ಪೆಟ್ಟಿಗೆಯೊಳಗೆ ಥರ್ಮೋಕೋಲ್ ಬದಲು ಇಡುವ, ಕಾಗದದ ತಿರುಳಿನಿಂದ ಅಚ್ಚೊತ್ತಿದ ತಟ್ಟೆಗಳನ್ನು ತಯಾರಿಸುವ ಒಂದು ಘಟಕ. ಈ ಪ್ರಕರಣದಲ್ಲಿ ಬರುವ ಸಂಸ್ಥೆ ನಾನು ಕಲ್ಪಿಸಿಕೊಂಡದ್ದು. ಲೆಕ್ಕ ಕೈಯಲ್ಲೇ ಮಾಡಿ ನೋಡಲು ಸಾಧ್ಯವಾಗಲಿ ಎಂದು ಅಂಕಿಗಳನ್ನೂ ಸರಳವಾಗಿಯೇ ಇಟ್ಟಿದ್ದೇನೆ. ಆದರೆ ಇಲ್ಲಿ ಎದುರಾಗುವ ಪ್ರಶ್ನೆಗಳು ಯಾವುದೇ ಸಂಸ್ಥೆಯ ಹೂಡಿಕೆ ಸಭೆಯಲ್ಲಿ ಏಳುವಂಥವೇ.

ಒಂದು ಉತ್ಪಾದನಾ ಸಾಲಿಗೆ ಇಂದು 100 ಕೋಟಿ ಹಾಕಬೇಕು. ಅದು ಐದು ವರ್ಷ ಓಡುತ್ತದೆ. ಬೇಡಿಕೆ ಚೆನ್ನಾಗಿದ್ದರೆ ವರ್ಷಕ್ಕೆ 40 ಕೋಟಿ ನಿವ್ವಳ ನಗದು ಬರುತ್ತದೆ, ಇಲ್ಲದಿದ್ದರೆ 12 ಕೋಟಿ. ಎರಡಕ್ಕೂ ಸಮಾನ ಸಾಧ್ಯತೆ ಎಂದು ಮಾರಾಟ ವಿಭಾಗ ಒಪ್ಪಿಕೊಂಡಿದೆ. ಮುಂದೆ ಬರುವ ಹಣವನ್ನು ಇಂದಿನ ಬೆಲೆಗೆ ಇಳಿಸುವ ಡಿಸ್ಕೌಂಟ್ ದರ ಶೇ. 10. ತೆರಿಗೆಯನ್ನು ನಗದಿನ ಅಂಕಿಯಲ್ಲೇ ಕಳೆದಿದ್ದೇವೆ ಎಂದುಕೊಳ್ಳಿ.

ಹಣಕಾಸು ವಿಭಾಗದ ಮೊದಲ ಹಾಳೆ ಹೀಗಿತ್ತು. ಸರಾಸರಿ ನಗದು ವರ್ಷಕ್ಕೆ 26 ಕೋಟಿ. ಐದು ವರ್ಷಗಳ ವಾರ್ಷಿಕ ಮೊತ್ತವನ್ನು ಶೇ. 10ರಲ್ಲಿ ಇಂದಿನ ಬೆಲೆಗೆ ತರುವ ಗುಣಕ 3.7908. ಗುಣಿಸಿದರೆ 98.56 ಕೋಟಿ. ನೂರು ಕಳೆದರೆ ನಿವ್ವಳ ಪ್ರಸ್ತುತ ಮೌಲ್ಯ ಮೈನಸ್ 1.44 ಕೋಟಿ. ಯೋಜನೆಯನ್ನು ತಿರಸ್ಕರಿಸಬೇಕು ಎಂದು ಟಿಪ್ಪಣಿ.

ಗುಣಾಕಾರದಲ್ಲಿ ತಪ್ಪಿಲ್ಲ. ತಪ್ಪಿರುವುದು 26 ಎಂಬ ಅಂಕಿಯ ಒಳಗೆ. ಒಳ್ಳೆಯ ದಾರಿ, ಕೆಟ್ಟ ದಾರಿ ಎರಡನ್ನೂ ಮೊದಲೇ ಕಲಸಿ ಸರಾಸರಿ ಮಾಡಿಬಿಟ್ಟರೆ, ಮೊದಲ ವರ್ಷದ ಮಾರಾಟ ನೋಡಿದ ಮೇಲೂ ಸಂಸ್ಥೆ ಕೈಕಟ್ಟಿ ಕೂರುತ್ತದೆ, ಐದು ವರ್ಷವೂ ಅದೇ ಯಂತ್ರವನ್ನು ಅದೇ ರೀತಿ ಓಡಿಸುತ್ತದೆ ಎಂದು ಊಹಿಸಿದಂತಾಗುತ್ತದೆ. ಯಾವ ಕಾರ್ಖಾನೆಯೂ ಹಾಗೆ ನಡೆಯುವುದಿಲ್ಲ. ಸಭೆಯಲ್ಲಿ ಉತ್ಪಾದನಾ ಮುಖ್ಯಸ್ಥರು ಹಣಕಾಸು ಮುಖ್ಯಸ್ಥೆಯನ್ನು ಕೇಳಿದ್ದೂ ಇದನ್ನೇ: "ಬೇಡಿಕೆ ಬಾರದಿದ್ದರೆ ಯಂತ್ರ ಮಾರುತ್ತೇವೆ, ಬಂದರೆ ಎರಡನೇ ಸಾಲು ಹಾಕುತ್ತೇವೆ. ನಿಮ್ಮ ಹಾಳೆಯಲ್ಲಿ ಇವೆರಡೂ ಎಲ್ಲಿವೆ, ಮೇಡಂ?"

ಮೊದಲ ಮರ

ಇವೆರಡನ್ನೂ ಲೆಕ್ಕಕ್ಕೆ ತರಲು ಬರೆಯುವ ನಿರ್ಧಾರ ವೃಕ್ಷದಲ್ಲಿ ಎರಡು ಬಗೆಯ ಕವಲುಗಳಿರುತ್ತವೆ. ವೃತ್ತದಲ್ಲಿ ಜಗತ್ತು ತೀರ್ಮಾನಿಸುತ್ತದೆ. ಅಲ್ಲಿ ಸಂಭವನೀಯತೆಯಿಂದ ಸರಾಸರಿ ತೆಗೆಯುತ್ತೇವೆ. ಚೌಕದಲ್ಲಿ ನಾವು ತೀರ್ಮಾನಿಸುತ್ತೇವೆ. ಅಲ್ಲಿ ಸರಾಸರಿ ಇಲ್ಲ, ಹೆಚ್ಚು ಬೆಲೆಯ ಕೊಂಬೆಯನ್ನು ಉಳಿಸಿಕೊಂಡು ಮತ್ತೊಂದನ್ನು ಕತ್ತರಿಸುತ್ತೇವೆ. ಮರವನ್ನು ಬರೆಯುವುದು ಇಂದಿನಿಂದ ಮುಂದಕ್ಕೆ, ಲೆಕ್ಕ ಹಾಕುವುದು ತುದಿಯಿಂದ ಹಿಂದಕ್ಕೆ.

ಇಲ್ಲಿ ಮೊದಲ ವೃತ್ತ ಒಂದನೇ ವರ್ಷದ ಬೇಡಿಕೆ. ವರ್ಷದ ಕೊನೆಗೆ ಒಂದು ಚೌಕ. ಸದ್ಯಕ್ಕೆ ಮೊದಲ ವರ್ಷ ಹೇಗಿತ್ತೋ ಉಳಿದ ನಾಲ್ಕೂ ಹಾಗೆಯೇ ಎಂದು ಭಾವಿಸೋಣ. ನಾಲ್ಕು ವರ್ಷಗಳ ಗುಣಕ 3.1699.

ಕೆಟ್ಟ ಕೊಂಬೆಯಲ್ಲಿ ಮುಂದುವರಿದರೆ ಆಗ ಉಳಿಯುವ ಮೌಲ್ಯ 12 × 3.1699, ಅಂದರೆ 38.04 ಕೋಟಿ. ಒಂದು ವರ್ಷ ಓಡಿದ ಯಂತ್ರವನ್ನು ಬಿಚ್ಚಿ ಸಾಗಿಸುವ ಖರ್ಚು ಕಳೆದು 50 ಕೋಟಿಗೆ ಮಾರಬಹುದು. ಹಾಗಾದರೆ ಮಾರುವುದೇ ಸರಿ, ಲಾಭ 11.96 ಕೋಟಿ. ಈ ಲಾಭ ಸಿಗುವುದು ಅರ್ಧ ಸಾಧ್ಯತೆಯಲ್ಲಿ, ಒಂದು ವರ್ಷದ ನಂತರ. ಇಂದಿನ ಬೆಲೆ 0.5 × 11.96 ÷ 1.1, ಅಂದರೆ 5.44 ಕೋಟಿ. ಕೈಬಿಡುವ ಹಕ್ಕಿನ ಬೆಲೆ ಇದು. ಯೋಜನೆ ಮೈನಸ್ 1.44ರಿಂದ ಪ್ಲಸ್ 4.00ಕ್ಕೆ ಏರಿತು. ಮಾರಾಟ ಬೆಲೆಯಾದ 50 ಕೋಟಿಯನ್ನೇ ಹಕ್ಕಿನ ಬೆಲೆ ಎಂದು ಬರೆದುಬಿಟ್ಟವರನ್ನು ನಾನು ನೋಡಿದ್ದೇನೆ. ಹಕ್ಕು ಕೊಡುವುದು 50 ಮತ್ತು 38.04ರ ನಡುವಿನ ವ್ಯತ್ಯಾಸವನ್ನು ಮಾತ್ರ. ಯಂತ್ರವನ್ನು ಮಾರಿದರೆ ಅದು ದುಡಿಯಬೇಕಿದ್ದ ಹಣವೂ ಹೋಗುತ್ತದೆ ತಾನೇ.

ಒಳ್ಳೆಯ ಕೊಂಬೆಯಲ್ಲಿ ಎರಡನೇ ಸಾಲಿಗೆ 60 ಕೋಟಿ ಬೇಕು. ಬೇಡಿಕೆ ಚೆನ್ನಾಗಿದ್ದರೆ ಅದು ವರ್ಷಕ್ಕೆ 25 ಕೋಟಿ ಹೆಚ್ಚುವರಿಯಾಗಿ ತರುತ್ತದೆ. ನಾಲ್ಕು ವರ್ಷಕ್ಕೆ 79.25 ಕೋಟಿ, 60 ಕಳೆದರೆ 19.25. ಇಂದಿನ ಬೆಲೆ 8.75 ಕೋಟಿ. ಬೇಡಿಕೆ ಕೆಟ್ಟಿದ್ದರೆ ಇದೇ ಸಾಲು ವರ್ಷಕ್ಕೆ 4 ಕೋಟಿ ಮಾತ್ರ ತರುತ್ತದೆ. ಆ ಕೊಂಬೆಯಲ್ಲಿ ಯಾರೂ ಅದನ್ನು ಹಾಕುವುದಿಲ್ಲ.

ಈ ಕೊನೆಯ ವಾಕ್ಯದಲ್ಲೇ ಹಕ್ಕಿನ ಗುಟ್ಟಿದೆ. ಒಂದನೇ ವರ್ಷದ ಕೊನೆಗೆ ಎರಡನೇ ಸಾಲು ಹಾಕಿಯೇ ಹಾಕುತ್ತೇವೆ ಎಂದು ಇಂದೇ ಒಪ್ಪಂದ ಮಾಡಿಕೊಂಡರೆ ಏನಾಗುತ್ತದೆ ನೋಡಿ. ಒಳ್ಳೆಯ ಕೊಂಬೆಯಲ್ಲಿ 19.25 ಲಾಭ, ಕೆಟ್ಟದ್ದರಲ್ಲಿ 47.32 ನಷ್ಟ, ಸರಾಸರಿ ತೆಗೆದು ಇಂದಿಗೆ ತಂದರೆ ಮೈನಸ್ 12.76 ಕೋಟಿ. ಸಾಲು ಅದೇ, ಯಂತ್ರ ಅದೇ, ಬೇಡಿಕೆಯೂ ಅದೇ. ಹಕ್ಕಾಗಿದ್ದಾಗ ಪ್ಲಸ್ 8.75, ಕಟ್ಟುಪಾಡಾದಾಗ ಮೈನಸ್ 12.76.

ವಿಸ್ತರಣೆಯ ಹಕ್ಕು ಪುಕ್ಕಟೆ ಸಿಗುವುದಿಲ್ಲ. ಎರಡನೇ ಸಾಲಿಗೆ ಜಾಗವಿರಬೇಕಾದರೆ ಶೆಡ್ ಅನ್ನು ಈಗಲೇ ಉದ್ದ ಕಟ್ಟಬೇಕು, ಯಂತ್ರದ ಅಡಿಪಾಯ ಹಾಕಬೇಕು, ವಿದ್ಯುತ್ ಸಂಪರ್ಕ ಹೆಚ್ಚಿನ ಸಾಮರ್ಥ್ಯದ್ದಾಗಿರಬೇಕು. ಇದಕ್ಕೆ ಇಂದು 6 ಕೋಟಿ. ಹಕ್ಕು 8.75ರದ್ದು, ಬೆಲೆ 6, ಕೊಳ್ಳಬಹುದು. ಎರಡೂ ಹಕ್ಕು ಸೇರಿ ಯೋಜನೆ ಪ್ಲಸ್ 6.75 ಕೋಟಿಗೆ ಬಂದು ನಿಂತಿತು. ಸಭೆಯಲ್ಲಿ ಎಲ್ಲರ ಮುಖವೂ ಅರಳಿತು.

ಬಹುತೇಕ ಪಾಠಗಳು ಇಲ್ಲಿಗೆ ಮುಗಿಯುತ್ತವೆ. ನನ್ನ ಪ್ರಕಾರ ನಿಜವಾದ ಪ್ರಕರಣ ಶುರುವಾಗುವುದೇ ಇಲ್ಲಿಂದ.

ಮೊದಲ ವರ್ಷ ಎಷ್ಟು ನಿಜ ಹೇಳುತ್ತದೆ?

ಮೇಲಿನ ಮರದಲ್ಲಿ ಯಾರೂ ಪ್ರಶ್ನಿಸದ ಒಂದು ಊಹೆ ಇದೆ: ಮೊದಲ ವರ್ಷದ ಮಾರಾಟ ಸತ್ಯವನ್ನು ಪೂರ್ತಿ ಹೇಳಿಬಿಡುತ್ತದೆ. ಹೊಸ ಸರಕಿನ ವಿಷಯದಲ್ಲಿ ಇದು ಅಪರೂಪ. ಮೊದಲ ಕೆಲವು ತಿಂಗಳು ವಿತರಕರು ತಮ್ಮ ಗೋದಾಮು ತುಂಬಿಕೊಳ್ಳಲು ಖರೀದಿಸುತ್ತಾರೆ. ಕಾರ್ಖಾನೆಯಿಂದ ಸರಕು ಹೊರಟದ್ದು ಕಾಣುತ್ತದೆ, ಆದರೆ ಅದು ಬಳಕೆದಾರನ ಕೈ ಸೇರಿತೇ ಎಂಬುದು ಕಾಣುವುದಿಲ್ಲ. ಇದರ ತದ್ವಿರುದ್ಧವೂ ಉಂಟು. ದೊಡ್ಡ ಗ್ರಾಹಕರು ಹೊಸ ಪ್ಯಾಕಿಂಗ್ ಅನ್ನು ಬೀಳಿಸಿ, ಅಲುಗಾಡಿಸಿ ಪರೀಕ್ಷಿಸಿ ಒಪ್ಪಿಕೊಳ್ಳಲು ತಿಂಗಳುಗಟ್ಟಲೆ ತೆಗೆದುಕೊಳ್ಳುತ್ತಾರೆ. ಆಗ ಮೊದಲ ವರ್ಷ ಸುಮ್ಮನೆ ಸಪ್ಪೆಯಾಗಿ ಕಾಣುತ್ತದೆ.

ಸಂಸ್ಥೆ ಹಿಂದೆ ತಂದ ಸರಕುಗಳ ಕಡತ ತೆಗೆದು ನೋಡಿದಾಗ, ಮೊದಲ ವರ್ಷ ತೋರಿಸಿದ ದಿಕ್ಕು ಮುಂದೆ ನಿಜವಾದದ್ದು ಹತ್ತರಲ್ಲಿ ಎಂಟು ಬಾರಿ ಎಂದಿಟ್ಟುಕೊಳ್ಳಿ. ಅಂದರೆ ಮೊದಲ ವರ್ಷ ಚೆನ್ನಾಗಿದ್ದರೆ ಉಳಿದ ನಾಲ್ಕು ಚೆನ್ನಾಗಿರುವ ಸಾಧ್ಯತೆ 0.8, ಮೊದಲ ವರ್ಷ ಕೆಟ್ಟಿದ್ದರೆ ಮುಂದೆ ಚೇತರಿಸುವ ಸಾಧ್ಯತೆ 0.2. ಹಕ್ಕುಗಳಿಲ್ಲದ ಮೂಲ ಯೋಜನೆಯ ಮೌಲ್ಯ ಇದರಿಂದ ಕದಲುವುದಿಲ್ಲ. ಅದು ಈಗಲೂ ಮೈನಸ್ 1.44. ಹಕ್ಕುಗಳು ಮಾತ್ರ ಕುಸಿಯುತ್ತವೆ.

ಕೆಟ್ಟ ಸುದ್ದಿಯ ಕೊಂಬೆಯಲ್ಲಿ ಮುಂದಿನ ವರ್ಷಗಳ ನಿರೀಕ್ಷಿತ ನಗದು ಈಗ 12 ಅಲ್ಲ, 17.6. ಮುಂದುವರಿದರೆ ಉಳಿಯುವ ಮೌಲ್ಯ 55.79 ಕೋಟಿ. ಮಾರಿದರೆ 50. ಮಾರುವುದಿಲ್ಲ! 5.44 ಕೋಟಿಯ ಹಕ್ಕು ಸೊನ್ನೆಯಾಯಿತು. ಒಳ್ಳೆಯ ಸುದ್ದಿಯ ಕೊಂಬೆಯಲ್ಲಿ ಎರಡನೇ ಸಾಲಿನ ನಿರೀಕ್ಷಿತ ನಗದು 25ರಿಂದ 20.8ಕ್ಕೆ ಇಳಿಯಿತು, ಮೌಲ್ಯ 65.93, ಲಾಭ 5.93, ಇಂದಿನ ಬೆಲೆ 2.70. ಅದನ್ನು 6 ಕೋಟಿ ಕೊಟ್ಟು ಯಾರೂ ಕೊಳ್ಳುವುದಿಲ್ಲ. ಯೋಜನೆ ಮತ್ತೆ ಮೈನಸ್ 1.44ಕ್ಕೆ ಬಂದು ಬಿತ್ತು.

ಬೇಡಿಕೆಯ ಏರಿಳಿತ ಹೆಚ್ಚಿದಷ್ಟೂ ಹಕ್ಕಿನ ಬೆಲೆ ಹೆಚ್ಚು ಎಂಬ ಮಾತು ಎಲ್ಲರ ಬಾಯಲ್ಲೂ ಇದೆ. ಅದು ಅರ್ಧ ಸತ್ಯ. ನಿರ್ಧಾರದ ದಿನಕ್ಕೆ ಮುಂಚೆ ಬಗೆಹರಿಯುವ ಅನಿಶ್ಚಿತತೆಯಷ್ಟೇ ಹಕ್ಕಿಗೆ ಬೆಲೆ ತರುತ್ತದೆ. ಇಲ್ಲಿ ಬೇಡಿಕೆ 40 ಅಥವಾ 12 ಎಂಬುದು ಕೂದಲೆಳೆಯಷ್ಟೂ ಬದಲಾಗಿಲ್ಲ. ಬದಲಾದದ್ದು ಅದು ನಮಗೆ ಯಾವಾಗ, ಎಷ್ಟು ಸ್ಪಷ್ಟವಾಗಿ ತಿಳಿಯುತ್ತದೆ ಎಂಬುದು ಮಾತ್ರ.

ಇನ್ನೊಂದು ವರ್ಷ ತಡೆದು ನೋಡಿದರೆ

ಮರವನ್ನು ಒಂದನೇ ವರ್ಷಕ್ಕೇ ನಿಲ್ಲಿಸಿದ್ದು ನಮ್ಮ ಅನುಕೂಲಕ್ಕೆ. ಎರಡನೇ ವರ್ಷದ ಮಾರಾಟ ನಿಜಸ್ಥಿತಿಯನ್ನು ಬಯಲು ಮಾಡುತ್ತದೆ ಎಂದುಕೊಂಡು ಅಲ್ಲಿ ಇನ್ನೊಂದು ಚೌಕ ಇಡೋಣ. ಅಷ್ಟರಲ್ಲಿ ಯಂತ್ರ ಹಳೆಯದಾಗಿ ಮರುಮಾರಾಟ ಬೆಲೆ 40ಕ್ಕೆ ಇಳಿದಿರುತ್ತದೆ. ಬೇಡಿಕೆ ಕೆಟ್ಟಿದ್ದರೆ ಉಳಿದ ಮೂರು ವರ್ಷಗಳ ಮೌಲ್ಯ 12 × 2.4869, ಅಂದರೆ 29.84. ಮಾರಿದರೆ 10.16 ಕೋಟಿ ಲಾಭ.

ಹಿಂದಕ್ಕೆ ಲೆಕ್ಕ ಹಾಕೋಣ. ಮೊದಲ ವರ್ಷ ಕೆಟ್ಟಿದ್ದರೆ ಈ ಲಾಭ ಸಿಗುವ ಸಾಧ್ಯತೆ 0.8, ಒಂದನೇ ವರ್ಷದ ಕೊನೆಯ ಬೆಲೆಯಲ್ಲಿ 7.39 ಕೋಟಿ. ಮೊದಲ ವರ್ಷ ಚೆನ್ನಾಗಿದ್ದೂ ಆಮೇಲೆ ಕೆಡುವ ಸಾಧ್ಯತೆ 0.2; ಅಲ್ಲಿ 1.85. ಎರಡನ್ನೂ ಸರಾಸರಿ ಮಾಡಿ ಇಂದಿಗೆ ತಂದರೆ 4.20 ಕೋಟಿ. ಸತ್ತೇಹೋಯಿತು ಎಂದುಕೊಂಡಿದ್ದ ಹಕ್ಕು ಎದ್ದು ಕೂತಿತು. ಯೋಜನೆ ಈಗ ಪ್ಲಸ್ 2.76.

ಈ ತಿರುವಿಗೆ ಒಂದು ಇತಿಹಾಸವೂ ಇದೆ. 1967ರಲ್ಲಿ ಅಲೆಕ್ಸಾಂಡರ್ ರೋಬಿಚೆಕ್ ಮತ್ತು ಜೇಮ್ಸ್ ವ್ಯಾನ್ ಹಾರ್ನ್ ಎಂಬ ಅರ್ಥಶಾಸ್ತ್ರಜ್ಞರು ಬಂಡವಾಳ ಹೂಡಿಕೆಯ ಲೆಕ್ಕದಲ್ಲಿ ಕೈಬಿಡುವ ಮೌಲ್ಯವನ್ನು ಸೇರಿಸಬೇಕೆಂದು ತೋರಿಸಿಕೊಟ್ಟರು. ಅವರ ಮೂಲ ನಿಯಮ ಹೀಗೆ: ಮಾರಾಟ ಬೆಲೆ ಮುಂದುವರಿಕೆಯ ಮೌಲ್ಯವನ್ನು ಮೀರಿದ ಕೂಡಲೇ ಕೈಬಿಡಿ. ಎರಡು ವರ್ಷಗಳ ನಂತರ ಎಡ್ವರ್ಡ್ ಡಿಲ್ ಮತ್ತು ಹ್ಯೂ ಲಾಂಗ್ ಇದಕ್ಕೆ ತಿದ್ದುಪಡಿ ಸೂಚಿಸಿದರು. ಇಂದು ಮಾರುವುದು ಲಾಭವೇ ಇರಬಹುದು, ಆದರೆ ಇನ್ನೊಂದು ವರ್ಷ ಕಾದು ಮಾರುವುದು ಅದಕ್ಕಿಂತ ಲಾಭವಾಗಿರಬಹುದಲ್ಲ ಎಂಬುದು ಅವರ ವಾದ. ಮುಂದುವರಿಕೆಯ ಮೌಲ್ಯದೊಳಗೆ ಮುಂದೆ ಕೈಬಿಡುವ ಹಕ್ಕೂ ಸೇರಿರಬೇಕು ಎಂದರ್ಥ.

ಈ ತಿದ್ದುಪಡಿ ನಮ್ಮ ಪ್ರಕರಣದಲ್ಲಿ ಎಷ್ಟು ತೂಗುತ್ತದೆ ಎಂದು ಅಳೆಯಬಹುದು. ಕೆಟ್ಟ ಮೊದಲ ವರ್ಷದ ನಂತರ ಚೇತರಿಕೆಯ ಸಾಧ್ಯತೆ ಎಷ್ಟಕ್ಕಿಂತ ಕಡಿಮೆಯಾದರೆ ತಕ್ಷಣ ಮಾರಬೇಕು? ಎರಡನೇ ಚೌಕವಿಲ್ಲದ ಮರದಲ್ಲಿ ಉತ್ತರ ಶೇ. 13.5. ಎರಡನೇ ಚೌಕ ಇಟ್ಟರೆ ಶೇ. 3.4. ಅಂದರೆ ಚೇತರಿಕೆಯ ಸಾಧ್ಯತೆ ಶೇ. 10 ಎಂದು ತೋರಿದಾಗ ಚಿಕ್ಕ ಮರ "ಮಾರು" ಎನ್ನುತ್ತದೆ, ದೊಡ್ಡ ಮರ "ತಡಿ" ಎನ್ನುತ್ತದೆ. ತಡೆಯುವುದಕ್ಕೆ ತೆರುವ ಬೆಲೆ ಯಂತ್ರದ ಮರುಮಾರಾಟದಲ್ಲಿ ಕಳೆದುಕೊಳ್ಳುವ 10 ಕೋಟಿ. ಆದರೆ ಆ ವರ್ಷ ಯಂತ್ರ ಸುಮ್ಮನೆ ನಿಂತಿರುವುದಿಲ್ಲ, ಕನಿಷ್ಠ 12 ಕೋಟಿ ದುಡಿಯುತ್ತದೆ. ಮರುಮಾರಾಟ ಬೆಲೆ 50ರಿಂದ ಒಮ್ಮೆಲೇ 30ಕ್ಕೆ ಬೀಳುವಂತಿದ್ದರೆ ಈ ಉತ್ತರ ತಿರುಗಿಬೀಳುತ್ತಿತ್ತು. ಆದ್ದರಿಂದ ಹಳೆಯ ಯಂತ್ರದ ಬೆಲೆ ವರ್ಷ ವರ್ಷಕ್ಕೆ ಹೇಗೆ ಇಳಿಯುತ್ತದೆ ಎಂಬ ಅಂಕಿಯನ್ನು ಬೇಡಿಕೆಯ ಅಂಕಿಯಷ್ಟೇ ಶ್ರದ್ಧೆಯಿಂದ ಹುಡುಕಬೇಕು. ಸಾಮಾನ್ಯವಾಗಿ ಅದನ್ನು ಸವಕಳಿ ಪುಸ್ತಕದಿಂದ ಎತ್ತಿ ಹಾಕುತ್ತಾರೆ. ಪುಸ್ತಕದ ಬೆಲೆಗೆ ಯಂತ್ರ ಕೊಳ್ಳಲು ಯಾರೂ ಬಾಗಿಲಲ್ಲಿ ಕಾಯುತ್ತಿರುವುದಿಲ್ಲ.

ಹಕ್ಕುಗಳು ಒಂದನ್ನೊಂದು ತಿನ್ನುತ್ತವೆ, ಒಂದನ್ನೊಂದು ಸಾಕುತ್ತವೆ

ಈಗ ವಿಸ್ತರಣೆಗೆ ಮರಳೋಣ. ಎರಡನೇ ಸಾಲಿನ ಯಂತ್ರಕ್ಕೆ ತಯಾರಕರು ಬೆಲೆ ಹಿಡಿದಿಟ್ಟಿರುವುದು ಒಂದನೇ ವರ್ಷದ ಕೊನೆಯವರೆಗೆ ಮಾತ್ರ, ಹಾಗಾಗಿ ಅಲ್ಲಿ ಕಾಯುವ ಅವಕಾಶವಿಲ್ಲ. ಬಿಡಿಯಾಗಿ ನೋಡಿದಾಗ ಆ ಹಕ್ಕಿನ ಬೆಲೆ 2.70 ಎಂದು ಕಂಡೆವು. ಆದರೆ ವಿಸ್ತರಿಸಿದ ಮೇಲೆ ಎರಡನೇ ವರ್ಷ ಬೇಡಿಕೆ ಕೆಟ್ಟರೆ ಎರಡನೇ ಸಾಲನ್ನೂ ಮಾರಬಹುದಲ್ಲ? ಒಂದು ವರ್ಷ ಓಡಿದ ಆ ಸಾಲಿಗೆ 30 ಕೋಟಿ ಸಿಗುತ್ತದೆ. ಓಡಿಸುತ್ತಾ ಹೋದರೆ ಉಳಿದ ಮೂರು ವರ್ಷಕ್ಕೆ 9.95 ಮಾತ್ರ. ವ್ಯತ್ಯಾಸ 20.05. ಇದನ್ನು ಸೇರಿಸಿಕೊಂಡರೆ ಒಳ್ಳೆಯ ಸುದ್ದಿಯ ಕೊಂಬೆಯಲ್ಲಿ ವಿಸ್ತರಣೆಯ ಲಾಭ 5.93ರಿಂದ 9.58ಕ್ಕೆ ಏರುತ್ತದೆ, ಇಂದಿನ ಬೆಲೆ 4.35 ಕೋಟಿ.

ಬಿಡಿಬಿಡಿಯಾಗಿ ಬೆಲೆ ಕಟ್ಟಿ ಕೂಡಿಸಿದ್ದರೆ 4.20 ಮತ್ತು 2.70 ಸೇರಿ 6.90 ಆಗುತ್ತಿತ್ತು. ಒಂದೇ ಮರದಲ್ಲಿ ಒಟ್ಟಿಗೆ ಇಟ್ಟಾಗ 8.55. ಹಿಂದಿರುಗುವ ದಾರಿ ಇದೆ ಎಂಬ ಧೈರ್ಯವೇ ಮುಂದೆ ಹೋಗುವ ಹಕ್ಕಿನ ಬೆಲೆಯನ್ನು ಏರಿಸಿತು. ಎಲ್ಲ ಕಡೆಯೂ ಹೀಗೆ ಏರುವುದಿಲ್ಲ. ಒಂದೇ ಕೊಂಬೆಯ ಮೇಲೆ ಕೈಬಿಡುವ ಹಕ್ಕು, ಉತ್ಪಾದನೆ ತಗ್ಗಿಸುವ ಹಕ್ಕು ಎರಡನ್ನೂ ಇಟ್ಟರೆ ಬಳಕೆಯಾಗುವುದು ಒಂದೇ. ಆಗ ಮೊತ್ತ ಬಿಡಿ ಬೆಲೆಗಳ ಕೂಡಿಕೆಗಿಂತ ಕಡಿಮೆ. ಹಾಗಾಗಿ ಪ್ರತಿ ಹಕ್ಕಿಗೂ ಬೇರೆ ಹಾಳೆ ತೆರೆದು ಕೊನೆಗೆ ಮೊತ್ತ ಹಾಕುವ ಪದ್ಧತಿಯನ್ನು ಬಿಡಬೇಕು.

ಆದರೂ 4.35 ಬೆಲೆಯ ಹಕ್ಕಿಗೆ 6 ಕೋಟಿ ಕೊಡುವಂತಿಲ್ಲ. ಹಣಕಾಸು ಮುಖ್ಯಸ್ಥೆ ಇಲ್ಲಿ ಒಳ್ಳೆಯ ಪ್ರಶ್ನೆ ಕೇಳಿದರು: "ಮೊದಲ ವರ್ಷದ ಸುದ್ದಿ ಎಷ್ಟು ನಂಬಿಕಸ್ಥವಾದರೆ ಈ 6 ಕೋಟಿ ಸರಿಹೋಗುತ್ತದೆ?" ಹಿಂದಕ್ಕೆ ಬಿಡಿಸಿದರೆ ಉತ್ತರ 0.875, ಅಂದರೆ ಎಂಟರಲ್ಲಿ ಏಳು ಬಾರಿ. ನಮ್ಮದು ಐದರಲ್ಲಿ ನಾಲ್ಕು ಬಾರಿ. ಈ ಎರಡರ ನಡುವಿನ ಅಂತರ ಹಳೆಯ ಕಡತಗಳ ಎಣಿಕೆಯಲ್ಲಿ ಒಂದೆರಡು ಸರಕುಗಳ ಹೆಚ್ಚುಕಡಿಮೆ ಅಷ್ಟೇ. ಇಂಥ ಕಡೆ ಮೂರನೇ ದಶಮಾಂಶದವರೆಗೆ ಲೆಕ್ಕ ಹಾಕಿ ಕೂರುವುದಕ್ಕಿಂತ ಹಕ್ಕಿನ ಬೆಲೆಯನ್ನೇ ಇಳಿಸಲು ನೋಡುವುದು ಬುದ್ಧಿವಂತಿಕೆ.

ಇಳಿಸಿದ್ದು ಹೀಗೆ. 6 ಕೋಟಿಯಲ್ಲಿ ಆಮೇಲೆ ಮಾಡಲಾಗದ ಕೆಲಸ ಯಾವುದು ಎಂದು ಉತ್ಪಾದನಾ ಮುಖ್ಯಸ್ಥರನ್ನು ಕೇಳಲಾಯಿತು. ಪಕ್ಕದ ಜಾಗ ಮತ್ತು ವಿದ್ಯುತ್ ಸಾಮರ್ಥ್ಯ ಮಾತ್ರ. ಈಗ ಬಿಟ್ಟರೆ ಬೇರೆಯವರ ಪಾಲಾಗುತ್ತವೆ. ಅವಕ್ಕೆ 2 ಕೋಟಿ. ಶೆಡ್ ಉದ್ದ ಮಾಡುವುದು, ಅಡಿಪಾಯ ಹಾಕುವುದು ಒಂದನೇ ವರ್ಷದ ಕೊನೆಯಲ್ಲೂ ಆದೀತು, ಆದರೆ ಓಡುವ ಕಾರ್ಖಾನೆಯ ಪಕ್ಕದಲ್ಲಿ ಕಟ್ಟುವುದರಿಂದ 4ರ ಬದಲು 4.5 ಕೋಟಿ ಬೀಳುತ್ತದೆ. ಒಟ್ಟು ಖರ್ಚು 6ರಿಂದ 6.5ಕ್ಕೆ ಏರಿತು. ಆದರೆ 4.5 ಕೋಟಿ ಖರ್ಚಾಗುವುದು ಒಳ್ಳೆಯ ಕೊಂಬೆಯಲ್ಲಿ ಮಾತ್ರ. ಆ ಕೊಂಬೆಯ ಲಾಭ 9.58ರಿಂದ 5.08ಕ್ಕೆ ಇಳಿದು, ಹಕ್ಕಿನ ಇಂದಿನ ಬೆಲೆ 2.31 ಆಗುತ್ತದೆ. ಅದಕ್ಕೆ ತೆರುವುದು 2. ಎಂಜಿನಿಯರುಗಳ ಕಣ್ಣಿಗೆ ದುಬಾರಿಯಾದ ವಿನ್ಯಾಸವೇ ಮರದ ಲೆಕ್ಕದಲ್ಲಿ ಅಗ್ಗ. ಯೋಜನೆ 3.07 ಕೋಟಿ.

ಕೊಳ್ಳುವವನು ಯಾರು?

ಕೈಬಿಡುವ ಹಕ್ಕಿನ ಬೆಲೆಯೆಲ್ಲ ನಿಂತಿರುವುದು 50, 40, 30 ಎಂಬ ಮರುಮಾರಾಟ ಅಂಕಿಗಳ ಮೇಲೆ. ನಾವು ಯಂತ್ರ ಮಾರಲು ಹೊರಡುವುದು ಯಾವಾಗ? ತಿರುಳಿನ ತಟ್ಟೆಗೆ ಬೇಡಿಕೆ ಇಲ್ಲವೆಂದು ಗೊತ್ತಾದಾಗ. ಆಗ ಅದೇ ಯಂತ್ರವಿರುವ ಇತರರೂ ಮಾರಲು ಹೊರಟಿರುತ್ತಾರೆ. ಬೇರೆ ಸರಕಿಗೆ ಬಾರದ ಯಂತ್ರವಾದರೆ ಬೆಲೆ ಬೇಡಿಕೆಯ ಜೊತೆಗೇ ಮುಳುಗುತ್ತದೆ. ಎರಡನೇ ವರ್ಷ ಮೊದಲ ಸಾಲಿಗೆ 40ರ ಬದಲು 30 ಸಿಕ್ಕರೆ ಲಾಭ 10.16ರಿಂದ 0.16ಕ್ಕೆ ಇಳಿಯುತ್ತದೆ. ಹಕ್ಕು ಇದ್ದೂ ಇಲ್ಲದಂತೆ.

ಆದ್ದರಿಂದ ಮರದಲ್ಲಿ ಬರೆಯಬೇಕಾದದ್ದು ಇಂದಿನ ಪೇಟೆಯ ಹಳೆಯ ಯಂತ್ರದ ಬೆಲೆಯಲ್ಲ, ಆ ಕೆಟ್ಟ ಕೊಂಬೆಯೊಳಗೆ ನಿಂತು ಕೇಳಿದರೆ ಸಿಗುವ ಬೆಲೆ. ಸಂಸ್ಥೆ ಯಂತ್ರ ತಯಾರಕರ ಜೊತೆ ಮಾತನಾಡಿ, ಈ ಅಂಕಿಗಳಿಗೆ ಮರುಖರೀದಿ ಒಪ್ಪಂದ ಕೇಳಿತು. ತಯಾರಕರು 1.5 ಕೋಟಿ ಕೇಳಿದರು. 4.20ರ ಹಕ್ಕನ್ನು, ಜೊತೆಗೆ ವಿಸ್ತರಣೆಯೊಳಗೆ ಅಡಗಿರುವ ನಿರ್ಗಮನವನ್ನು ಕಾಪಾಡಲು ಅದು ಕೊಡತಕ್ಕ ಬೆಲೆಯೇ. ಒಂದು ಷರತ್ತಿನ ಮೇಲೆ: ಒಪ್ಪಂದಕ್ಕೆ ಬ್ಯಾಂಕ್ ಖಾತರಿ ಇರಬೇಕು. ತಟ್ಟೆಯ ಪೇಟೆ ಬಿದ್ದ ದಿನ ತಟ್ಟೆ ಯಂತ್ರ ಮಾಡುವವನ ಕೈಯೂ ಬರಿದಾಗಿರುತ್ತದೆ. ಇಷ್ಟಾದ ಮೇಲೆ ಯೋಜನೆಯ ಮೌಲ್ಯ 1.57 ಕೋಟಿ.

ಶೇ. 10 ಎಲ್ಲಾ ಕೊಂಬೆಗೂ ಸಲ್ಲುವುದಿಲ್ಲ

ಇಲ್ಲಿಯವರೆಗೆ ಪ್ರತಿ ಕೊಂಬೆಯನ್ನೂ ಶೇ. 10ರಲ್ಲೇ ಹಿಂದಕ್ಕೆ ತಂದೆವು. ನಿರ್ಧಾರ ವೃಕ್ಷದ ಬಗ್ಗೆ ಗಂಭೀರವಾದ ತಕರಾರು ಇರುವುದು ಇಲ್ಲೇ. ಶೇ. 10 ಎಂಬುದು ಹಕ್ಕುಗಳಿಲ್ಲದ ಯೋಜನೆಯ ಅಪಾಯಕ್ಕೆ ತಕ್ಕ ದರ. ಹಕ್ಕು ಆ ಅಪಾಯವನ್ನೇ ಬದಲಾಯಿಸುತ್ತದೆ. ವಿಸ್ತರಣೆಯ ಹಕ್ಕು ಒಳ್ಳೆಯ ಕಾಲದಲ್ಲಿ ಮಾತ್ರ ಫಲ ಕೊಡುತ್ತದೆ, ಆದ್ದರಿಂದ ಅದು ಯೋಜನೆಗಿಂತ ಹೆಚ್ಚು ಅಪಾಯದ್ದು. ಕೈಬಿಡುವ ಹಕ್ಕು ಕೆಟ್ಟ ಕಾಲದಲ್ಲಿ ಫಲ ಕೊಡುವ ವಿಮೆ.

ಪರಿಹಾರ, ಷೇರನ್ನು ಮುಂದೆ ನಿಗದಿತ ಬೆಲೆಗೆ ಕೊಳ್ಳುವ ಅಥವಾ ಮಾರುವ ಹಕ್ಕುಗಳಾದ ಷೇರು ಆಪ್ಷನ್‌ಗಳ ಬೆಲೆ ಕಟ್ಟುವ ಎರಡು ಕವಲಿನ ಮಾದರಿಯಿಂದ ಬಂದದ್ದು. ದರವನ್ನು ತಿದ್ದುವ ಬದಲು ಸಂಭವನೀಯತೆಯನ್ನು ತಿದ್ದಿ, ಎಲ್ಲವನ್ನೂ ಅಪಾಯರಹಿತ ದರದಲ್ಲಿ ತರುವುದು. ಮೊದಲ ಸರಳ ಮರದಲ್ಲೇ ನೋಡೋಣ. ಯೋಜನೆಯ ಇಂದಿನ ಮೌಲ್ಯ 98.56. ಒಂದು ವರ್ಷದ ನಂತರ, ಆ ವರ್ಷದ ನಗದೂ ಸೇರಿ, ಒಳ್ಳೆಯ ಕೊಂಬೆಯಲ್ಲಿ 166.79, ಕೆಟ್ಟದ್ದರಲ್ಲಿ 50.04. ಅಪಾಯರಹಿತ ದರ ಶೇ. 4 ಎಂದಾದರೆ ತಿದ್ದಿದ ಸಂಭವನೀಯತೆ:

```
q = (98.56 × 1.04 − 50.04) / (166.79 − 50.04) = 0.449
```

ಇದು ಬೇಡಿಕೆ ಚೆನ್ನಾಗಿರುವ ನಿಜವಾದ ಸಾಧ್ಯತೆಯಲ್ಲ, ಅದು 0.5 ಆಗಿಯೇ ಇದೆ. ಅಪಾಯಕ್ಕೆ ತೆರುವ ಬೆಲೆಯನ್ನು ಒಳಗೆ ಹುದುಗಿಸಿಕೊಂಡ ತೂಕ ಇದು. ಇದರಿಂದ ಕೈಬಿಡುವ ಹಕ್ಕಿನ ಬೆಲೆ 5.44ರಿಂದ 6.33ಕ್ಕೆ ಏರುತ್ತದೆ, ವಿಸ್ತರಿಸುವ ಹಕ್ಕು 8.75ರಿಂದ 8.32ಕ್ಕೆ ಇಳಿಯುತ್ತದೆ. ಒಂದೇ ದರ ಬಳಸಿದ ಮರ ಯಾವ ಕಡೆಗೆ ವಾಲುತ್ತದೆ ಎಂಬುದು ಈಗ ಸ್ಪಷ್ಟ. ಹಿಂದಕ್ಕೆ ಬಿಡಿಸಿದರೆ ವಿಸ್ತರಣೆಗೆ ಸಲ್ಲಬೇಕಿದ್ದ ದರ ಸುಮಾರು ಶೇ. 15.7. ಕೈಬಿಡುವ ಹಕ್ಕಿಗೆ ಸಲ್ಲಬೇಕಿದ್ದದ್ದು ಮೈನಸ್ ಶೇ. 5.5! ಋಣ ದರ ಕಂಡು ಬೆಚ್ಚಬೇಕಾಗಿಲ್ಲ. ವಿಮೆಗೆ ನಾವು ಕಟ್ಟುವ ಕಂತೂ ಸರಾಸರಿ ಪರಿಹಾರಕ್ಕಿಂತ ಹೆಚ್ಚೇ ಇರುತ್ತದೆ.

ಇದೇ ರೀತಿಯಲ್ಲಿ ಎರಡು ವರ್ಷದ ಪೂರ್ಣ ಮರವನ್ನು ಮತ್ತೆ ಲೆಕ್ಕ ಹಾಕಿದೆ. ಕೈಬಿಡುವ ಹಕ್ಕು 4.20ರಿಂದ 5.56ಕ್ಕೆ ಏರಿತು. ವಿಸ್ತರಣೆ ಇಳಿಯಬಹುದು, 2 ಕೋಟಿಯ ಎದುರು ಇದ್ದ ತೆಳುವಾದ ಅಂತರ ಅಳಿಸಿಹೋಗಬಹುದು ಎಂದು ನಾನು ಅಂಜಿದ್ದೆ. ಅದು 2.31ರಿಂದ 2.33ಕ್ಕೆ ಹೋಯಿತು, ಅಷ್ಟೇ. ಕಾರಣ, ಆ ವಿಸ್ತರಣೆಯ ಹೊಟ್ಟೆಯಲ್ಲೇ 30 ಕೋಟಿಯ ಖಾತರಿ ನಿರ್ಗಮನ ಕೂತಿದೆ. ಒಂದು ಕಡೆ ತಗ್ಗಿದ್ದನ್ನು ಇನ್ನೊಂದು ಕಡೆ ತುಂಬಿಕೊಟ್ಟಿತು. ಖಾತರಿಯ ಬೆಲೆ ಕಳೆದು ಯೋಜನೆ 2.95 ಕೋಟಿ.

ಈ ವಿಧಾನಕ್ಕೂ ಒಂದು ಮಿತಿ ಇದೆ. ಷೇರಿನ ಬೆಲೆ ಪೇಟೆಯಲ್ಲಿ ಕಾಣುತ್ತದೆ. ನಮ್ಮ ಘಟಕದ 98.56 ಎಲ್ಲೂ ಕಾಣುವುದಿಲ್ಲ, ಅದು ನಮ್ಮದೇ ಶೇ. 10ರಿಂದ ಹುಟ್ಟಿದ ಅಂಕಿ. ಆ ಶೇ. 10 ತಪ್ಪಿದ್ದರೆ ತಿದ್ದಿದ ಸಂಭವನೀಯತೆಯೂ ತಪ್ಪು. ಕೊಂಬೆಗಳ ನಡುವಿನ ಏರುಪೇರನ್ನು ಇದು ಸರಿಪಡಿಸುತ್ತದೆ, ಬೇರಿನದನ್ನಲ್ಲ.

ನಡಾವಳಿಯಲ್ಲಿ ದಾಖಲಾದದ್ದು

ಸಭೆ ಯೋಜನೆಗೆ ಒಪ್ಪಿತು. ಆದರೆ ಹಣಕಾಸು ಮುಖ್ಯಸ್ಥೆ ಒಂದು ಷರತ್ತು ಹಾಕಿದರು. ಕೈಬಿಡುವ ಹಕ್ಕಿನ ಬೆಲೆಯನ್ನು ಲೆಕ್ಕಕ್ಕೆ ಸೇರಿಸಿಕೊಂಡೇ ಈ ಒಪ್ಪಿಗೆ ಸಿಕ್ಕಿರುವುದರಿಂದ, ಆ ದಿನ ಬಂದಾಗ "ಇನ್ನಾರು ತಿಂಗಳು ನೋಡೋಣ" ಎಂದರೆ ಯೋಜನೆ ಮತ್ತೆ ಮೈನಸ್‌ಗೆ ಇಳಿಯುತ್ತದೆ, ಅದರ ಮೇಲೆ ಖಾತರಿಗೆ ಕೊಟ್ಟ ಹಣವೂ ದಂಡ. ಘಟಕ ಕಟ್ಟಿದವರೇ ಅದನ್ನು ಮುಚ್ಚಬೇಕೇ ಎಂದು ತೀರ್ಮಾನಿಸಿದರೆ, ಹಾಕಿದ 100 ಕೋಟಿ ಅವರ ಕಣ್ಣ ಮುಂದೆ ಕುಣಿಯುತ್ತದೆ. ಮರದ ಯಾವ ಚೌಕದಲ್ಲೂ ಆ ನೂರಕ್ಕೆ ಸ್ಥಾನವಿಲ್ಲ. ಅದು ಹೋದ ಹಣ.

ಹಾಗಾಗಿ ನಡಾವಳಿಯಲ್ಲಿ ಹೀಗೆ ಬರೆಸಲಾಯಿತು. ಕಾರ್ಖಾನೆಯಿಂದ ಹೊರಟ ಸರಕಿನ ಬದಲು ವಿತರಕರ ಗೋದಾಮಿನಿಂದ ಹೊರಟ ಸರಕನ್ನು ತಿಂಗಳು ತಿಂಗಳು ಎಣಿಸಬೇಕು. ಮೊದಲ ವರ್ಷ ಕೆಟ್ಟಿತೆಂಬ ಒಂದೇ ಕಾರಣಕ್ಕೆ ಮಾರಬಾರದು. ಮೊದಲ ವರ್ಷ ಚೆನ್ನಾಗಿದ್ದರೆ, ತಯಾರಕರ ಬೆಲೆಯ ಗಡುವು ಮುಗಿಯುವ ಮುನ್ನ ಎರಡನೇ ಸಾಲಿಗೆ ಆರ್ಡರ್ ಕೊಡಬೇಕು. ಎರಡನೇ ವರ್ಷದ ನಗದು ಕೆಳಗಿನ ಅಂಕಿಯಲ್ಲೇ ನಿಂತರೆ, ಮರುಖರೀದಿ ಒಪ್ಪಂದವನ್ನು 30 ದಿನಗಳೊಳಗೆ ಚಲಾಯಿಸಬೇಕು. ಚಲಾಯಿಸದಿರಲು ಬೇಕಾದರೆ ಲಿಖಿತ ಕಾರಣ ಕೊಟ್ಟು ಹೊಸ ಮರ ಬರೆದು ತರಬೇಕು. ಆ ಮರ ಬರೆಯುವವರು ಘಟಕದ ಹೊರಗಿನವರಾಗಿರಬೇಕು.

ಉತ್ಪಾದನಾ ಮುಖ್ಯಸ್ಥರು ಕೊನೆಯ ಸಾಲನ್ನು ಎರಡು ಬಾರಿ ಓದಿ, ಸ್ವಲ್ಪ ಹೊತ್ತು ಸುಮ್ಮನಿದ್ದು ಸಹಿ ಹಾಕಿದರು.